ತಾವೇ ಬಿಟ್ಟವರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದು ತಾಲೂಕುಗಳಲ್ಲಿ ಎಲ್ಲಿ ಬೇಕಾದರೂ ಹೋಗಿ ಕೇಳಿ ನೋಡಿ, ಇವತ್ತಿನವರೆಗೆ ಒಬ್ಬನನ್ನೂ ಯಾರೂ ಕೆಲಸದಿಂದ ತೆಗೆದಿಲ್ಲ. ಎಲ್ಲರೂ ತಾವೇ ಬಿಟ್ಟವರು. ಒಬ್ಬನಿಗೆ ಮ್ಯಾನೇಜರನ ಮಾತು ಸರಿಬರಲಿಲ್ಲ, ಇನ್ನೊಬ್ಬನಿಗೆ ಹೊಲದ ಕಡೆ ನೋಡುವವರು ಇರಲಿಲ್ಲ, ಮತ್ತೊಬ್ಬನಿಗೆ ಯಾಕೋ ಬೇಸರವಾಯಿತು. ಸಕ್ಕರೆ ಕಾರ್ಖಾನೆಯ ಗೇಟಿನಿಂದ ಲಕೋಟೆ ಹಿಡಿದು ಹೊರಬಿದ್ದ ಮನುಷ್ಯ ಬಸ್‌ಸ್ಟ್ಯಾಂಡಿನ ಚಹದಂಗಡಿ ಮುಟ್ಟುವಷ್ಟರಲ್ಲಿ ರಾಜೀನಾಮೆ ಕೊಟ್ಟ ಧೀರನಾಗಿರುತ್ತಾನೆ. ಮಾಯಾಳೂ ಹಾಗೇ ಆದಳು. ಅವಳಿಗೆ ಅಷ್ಟು ದೂರವೂ ಬೇಕಾಗಲಿಲ್ಲ, ಗೇಟಿನಲ್ಲೇ ಆದಳು.

ಮಾಯಾ ಕಬ್ಬೂರಿನ ಕುರಿ ಸಾಕುವವರ ಮಗಳು. ಮನೆತನದಲ್ಲಿ ಬಿ.ಎಸ್ಸಿ. ಮಾಡಿದ ಮೊದಲಿಗಳು, ಸದ್ಯಕ್ಕೆ ಕೊನೆಯವಳೂ ಹೌದು. ಚಿಕ್ಕೋಡಿ ಕಡೆಯ ಒಂದು ಹಳೇ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಹದಿಮೂರು ವರ್ಷ ಕೆಮಿಸ್ಟ್ ಆಗಿದ್ದಳು. ಕಬ್ಬಿನ ಹಾಲಿನಲ್ಲಿ ಸಕ್ಕರೆ ಎಷ್ಟಿದೆ, ಅರೆದ ಸಿಪ್ಪೆಯಲ್ಲಿ ಎಷ್ಟು ಉಳಿಯಿತು, ಕಾಕಂಬಿಯಲ್ಲಿ ಎಷ್ಟು ಹೋಯಿತು ಎಂದು ತಾಸಿಗೊಮ್ಮೆ ಅಳೆದು ಬರೆಯುವ ಕೆಲಸ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುವವರು ಮೊದಲು ಬಹಳ ಜನ ಇದ್ದರು, ಮೂವತ್ತೇಳು ತುಂಬುವ ಹೊತ್ತಿಗೆ ಅವರೂ ಬೇಸತ್ತು ಬಿಟ್ಟುಬಿಟ್ಟರು. ಚಿಕ್ಕೋಡಿಯಲ್ಲಿ ಒಂದು ಬಾಡಿಗೆ ಕೋಣೆ, ಊರಿನಲ್ಲಿ ತಮ್ಮ ಮಾಳೇಶ ಮತ್ತು ಅವನ ಸಂಸಾರ, ಲ್ಯಾಬಿನಲ್ಲಿ ಆರು ಜನ. ಇಷ್ಟೇ ಅವಳ ಬಳಗ.

ಜುಲೈ ಮೂವತ್ತೊಂದಕ್ಕೆ ಕಾರ್ಖಾನೆಯ ಹೊಸ ಮಾಲೀಕರು ಲ್ಯಾಬಿನ ಕೆಲಸವನ್ನು ಹೊರಗಿನ ಏಜೆನ್ಸಿಗೆ ಗುತ್ತಿಗೆ ಕೊಟ್ಟರು. ಏಳು ಹುದ್ದೆಗಳನ್ನು ಒಂದೇ ದಿನ ರದ್ದು ಮಾಡಿ, ಏಳು ಲಕೋಟೆ ಕೊಟ್ಟರು. ಕೊಡಬೇಕಾದದ್ದನ್ನೆಲ್ಲ ಕಾಯಿದೆ ಪ್ರಕಾರ ಕೊಟ್ಟರು, ಅದರಲ್ಲಿ ತಕರಾರಿಲ್ಲ. ಲ್ಯಾಬಿನಲ್ಲಿ ಎಲ್ಲರಿಗಿಂತ ಕಿರಿಯಳು ಸ್ನೇಹಲ, ಭೋಜ ಎಂಬ ಊರಿನ ಹುಡುಗಿ, ಇಪ್ಪತ್ತಾರು ವರ್ಷ. ಲಕೋಟೆಯನ್ನು ದುಪಟ್ಟಾದೊಳಗೆ ಮುಚ್ಚಿ ಹಿಡಿದು ಗೇಟಿನಲ್ಲಿ ಅಳುತ್ತ ನಿಂತಿದ್ದಳು. ಕಬ್ಬು ದ್ರಾಕ್ಷಿ ಇರುವ ಮನೆ, ಉಣ್ಣಲು ಉಡಲು ಕೊರತೆಯಿಲ್ಲ. ಆದರೆ ಅವಳ ಅಪ್ಪ ಕೆಲಸ ಇರುವತನಕ ಮಾತ್ರ ಮಗಳ ಮದುವೆಯ ಮಾತು ತೆಗೆಯುವುದಿಲ್ಲ ಎಂದು ಒಪ್ಪಿಕೊಂಡಿದ್ದ. ಕೆಲಸ ಹೋಯಿತೆಂದರೆ ದಸರೆಗೆ ಸಾಂಗಲಿಯ ಒಬ್ಬ ವರ ಬಂದು ಕೂಡುವುದು ಗ್ಯಾರಂಟಿ.

“ಅಳಬ್ಯಾಡ ಸುಮ್ನಿರು,” ಎಂದಳು ಮಾಯಾ. “ತಗದಾರ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ. ಯಾರ ಕೇಳಿದ್ರೂ ನಾನೇ ಬಿಟ್ಟೇನಿ ಅನ್ನು. ಬ್ಯಾರೆ ಕಡೆ ಕೆಲಸಾ ಕೇಳಾಕ ಹೋದ್ರೂ ಹಂಗ ಅನ್ನು. ತಿಳೀತಿಲ್ಲ?”

“ಹೂಂ ಮಾಯಕ್ಕ,” ಎಂದಳು ಸ್ನೇಹಲ, ಮೂಗು ಒರೆಸಿಕೊಂಡು. ಅಕ್ಕ ಹೇಳಿದ ಮೇಲೆ ಮುಗಿಯಿತು, ಆ ಹುಡುಗಿ ಯಾವತ್ತೂ ಎದುರು ಮಾತಾಡಿದವಳಲ್ಲ.

ಆಗಸ್ಟ್ ತಿಂಗಳು ಪೂರ್ತಿ ಸ್ನೇಹಲ ದಿನಾ ಒಂದು ಫೋನ್ ಮಾಡುತ್ತಿದ್ದಳು. ಉಂಡಿರೇನು, ಏನು ಮಾಡಿದಿರಿ, ಎಲ್ಲಾದರೂ ಜಾಗ ಖಾಲಿ ಇದೆಯಂತೇನು. ಉಳಿದ ಐವರಲ್ಲಿ ಒಬ್ಬರು ಕೊಲ್ಹಾಪುರದ ಕಡೆ ಹೋದರು, ಒಬ್ಬರು ಕಿರಾಣಿ ಅಂಗಡಿ ಹಾಕಿದರು, ಮಿಕ್ಕವರು ಏನಾದರೋ ತಿಳಿಯದು. ಲ್ಯಾಬಿನ ವಾಟ್ಸಾಪ್ ಗುಂಪಿನಿಂದ ಒಬ್ಬೊಬ್ಬರೇ ಸದ್ದಿಲ್ಲದೆ ಜಾರಿದರು. ಮಾಯಾ ಮಾಳೇಶನಿಗೆ ಏನೂ ಹೇಳಿರಲಿಲ್ಲ. ವಾರಕ್ಕೊಮ್ಮೆ ಅವನು ಫೋನ್ ಮಾಡಿದಾಗ “ಡ್ಯೂಟಿ ಹ್ಯಾಂಗ ನಡದೈತಿ?” ಎನ್ನುತ್ತಿದ್ದ, ಇವಳು “ನಡದೈತಿ” ಎನ್ನುತ್ತಿದ್ದಳು. ಹದಿಮೂರು ವರ್ಷ ಪಾಳಿ ದುಡಿದ ಮೈ ಬೆಳಗಿನ ಮೂರಕ್ಕೆ ತಾನೇ ಎಚ್ಚರಾಗುತ್ತಿತ್ತು. ಎದ್ದು ಮಾಡುವುದೇನು? ಒಂದು ಲೋಟ ಚಹಾ ಕುಡಿದು, ಲೋಟ ತೊಳೆದಿಟ್ಟು, ಮತ್ತೆ ಕೂಡುವುದು. ಮಾತಾಡಲು ಸಿಗುವವರು ಹಾಲು ಹಾಕುವ ಭೀಮಾಬಾಯಿ ಒಬ್ಬಳೇ, ಆಕೆಗೂ ಇನ್ನೂ ನಲವತ್ತು ಮನೆ ಮುಟ್ಟಬೇಕು.

ಸೆಪ್ಟೆಂಬರ್ ಮೊದಲ ವಾರದಲ್ಲಿ ಕಾಗವಾಡ ಕಡೆಯ ಒಂದು ಸಕ್ಕರೆ ಕಾರ್ಖಾನೆ ಲ್ಯಾಬ್ ಕೆಮಿಸ್ಟ್ ಬೇಕೆಂದು ಕರೆ ಹೊರಡಿಸಿತು. ಒಂದೇ ಹುದ್ದೆ. ಮಾಯಾ ಅರ್ಜಿ ಹಾಕಿದಳು. ಸ್ನೇಹಲಳಿಗೆ ಹೇಳಲಿಲ್ಲ. ಒಂದೇ ಹುದ್ದೆ ಅಲ್ಲವೇ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಆಮೇಲೆ ಎನ್ನುವುದು ಎಷ್ಟು ಅನುಕೂಲದ ಮಾತು ನೋಡಿ. ಅದೇ ಹೊತ್ತಿಗೆ ಸ್ನೇಹಲಳ ಫೋನೂ ಕಡಿಮೆಯಾಯಿತು, ಎರಡು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ, ಆಮೇಲೆ ಪೂರ್ತಿ ನಿಂತಿತು. ಹುಡುಗಿಗೆ ಮನೆಯಲ್ಲಿ ಕೆಲಸ ಹಚ್ಚಿರಬೇಕು ಎಂದು ಮಾಯಾ ತನಗೆ ತಾನೇ ಹೇಳಿಕೊಂಡಳು.

ಸೆಪ್ಟೆಂಬರ್ ಹನ್ನೆರಡಕ್ಕೆ ಸಂದರ್ಶನ. ಮೇಜಿನ ಆಚೆ ಇಬ್ಬರು ಕೂತಿದ್ದರು. ಒಬ್ಬರು ಚೀಫ್ ಕೆಮಿಸ್ಟ್ ಜಿನ್ನಪ್ಪ, ಬಿಳಿ ಹುಬ್ಬಿನ ಹಿರಿಯರು. ಇನ್ನೊಬ್ಬ ಎಚ್.ಆರ್. ಅಧಿಕಾರಿ ರಾಜಾರಾಮ, ನಲವತ್ತರ ಆಸುಪಾಸು, ಎರಡು ಮೊಬೈಲಿನ ಮನುಷ್ಯ. ಜಿನ್ನಪ್ಪ ಕೆಲಸದ ಪ್ರಶ್ನೆ ಕೇಳಿದರು. ಕಾಕಂಬಿಯ ಪ್ಯೂರಿಟಿ, ಅಂದರೆ ಅದರಲ್ಲಿ ಉಳಿದುಹೋದ ಸಕ್ಕರೆ, ಏಕಾಏಕಿ ಏರಿದರೆ ಮೊದಲು ಎಲ್ಲಿ ನೋಡುತ್ತೀರಿ ಎಂದರು. ಮೊದಲು ನನ್ನ ಸ್ಯಾಂಪಲ್ ಸರಿಯಿದೆಯೋ ಎಂದು ಮತ್ತೊಮ್ಮೆ ಮಾಡುತ್ತೇನೆ, ಆಮೇಲೆ ಸಕ್ಕರೆ ಬೇರ್ಪಡಿಸುವ ಸೆಂಟ್ರಿಫ್ಯೂಗಲ್ ಯಂತ್ರದ ಜಾಲರಿ ಹರಿದಿದೆಯೋ ನೋಡಿಸುತ್ತೇನೆ, ನೀರು ಜಾಸ್ತಿ ಹಾಕುತ್ತಿದ್ದಾರೋ ಕೇಳುತ್ತೇನೆ ಎಂದಳು. ಹಿರಿಯರು ಖುಷಿಯಾದರು. ಹದಿನೈದು ನಿಮಿಷ ಹೀಗೇ ಸರಾಗ ಹೋಯಿತು. ಒಂದೂವರೆ ತಿಂಗಳಲ್ಲಿ ಮೊದಲ ಸಲ ಒಬ್ಬ ಮನುಷ್ಯ ತನ್ನ ಮಾತನ್ನು ಪೂರ್ತಿ ಕೇಳುತ್ತಿದ್ದಾನೆ ಎನ್ನಿಸಿತು ಅವಳಿಗೆ.

“ಮತ್ತ ಆ ಕೆಲಸಾ ಯಾಕ ಬಿಟ್ರಿ?” ಎಂದ ರಾಜಾರಾಮ.

“ಮನೀ ಕಾರಣರಿ,” ಎಂದಳು ಮಾಯಾ. ಬಾಯಿ ತಾನಾಗಿ ಅಂದುಬಿಟ್ಟಿತು.

ಜಿನ್ನಪ್ಪ ತಲೆ ಎತ್ತಿ ನೋಡಿದರು. “ಮನೀ ಕಾರಣ,” ಎಂದು ತಾವೂ ಒಮ್ಮೆ ಅಂದು, ಹಾಳೆಯ ಮೇಲೆ ಏನೋ ಗೀಚಿ, “ಆತ್ರಿ, ತಿಳಸ್ತೀವಿ” ಎಂದರು.

ಹತ್ತು ದಿನ ಕಳೆದರೂ ತಿಳಿಸಲಿಲ್ಲ. ಮಾಯಾ ಮೊಬೈಲ್ ಕೈಯಲ್ಲಿ ಹಿಡಿದೇ ಅಡುಗೆ ಮಾಡಿದಳು, ಹಿಡಿದೇ ಉಂಡಳು. ಹನ್ನೊಂದನೆಯ ದಿನ ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಕಾಕಾಸಾಹೇಬ ಸಿಕ್ಕ. ಹಳೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪ್ಯಾನ್ ನಡೆಸಿ, ಸಕ್ಕರೆ ಹರಳುಗಟ್ಟಿಸಿ, ನಿವೃತ್ತನಾದ ಮುದುಕ. ಸಕ್ಕರೆ ಕುದಿಯುವುದನ್ನು ಬೆರಳಿಗೆ ಹಚ್ಚಿ ನೋಡಿಯೇ ಹೇಳುತ್ತಿದ್ದವನು, ಮನುಷ್ಯರನ್ನೂ ಹಾಗೇ ನೋಡುತ್ತಿದ್ದ. ಅವನ ಮುಂದೆ ಮಾಯಾ ಸಂದರ್ಶನದ ಕಥೆಯೆಲ್ಲ ಹೇಳಿದಳು. ಹೇಳಲು ಯಾರಾದರೂ ಸಿಕ್ಕರೆ ಸಾಕಾಗಿತ್ತು ಅವಳಿಗೆ.

“ಏ ಹುಚ್ಚಿ,” ಎಂದ ಕಾಕಾಸಾಹೇಬ, “ನಾನೇ ಬಿಟ್ಟೇನಿ ಅಂದಾಕಿನ್ನ ಯಾವ ಕಾರ್ಖಾನಿಯವ ತಗೋತಾನ? ಕಬ್ಬ ನುರಸೂ ಸೀಜನ್ ಮುಂದ ಇಟಗೊಂಡು ಬಿಟ್ಟು ಬಂದಾಳ, ನಾಳಿ ನಮ್ಮ ಸೀಜನ್ ನಡುವ ಬಿಟ್ಟು ಹೋಗ್ತಾಳ ಅಂತಾನ. ಡಿಸೆಂಬರ್‌ದಾಗ ಕಬ್ಬಿನ ಗಾಡಿ ಸಾಲು ನಿಂತಾಗ ಕೆಮಿಸ್ಟ್ ಎಲ್ಲಿಂದ ತರತಾನಂವ? ಇಲ್ಲಾಂದ್ರ, ಹಳೇ ಕಾರ್ಖಾನಿಯವ್ರು ಹೊಳ್ಳಿ ಕರದ್ರ ಓಡತಾಳ ಅಂತಾನ. ವರ್ಷಾ ಸೀಜನ್ ಮಂದಿನ್ನ ಕಳಿಸೂದು ಕರಿಯೂದು ನಡದಽ ಇರತೈತಲಾ. ನಿನ್ನ ಜಾಗಾನ ಇಲ್ಲದಂಗ ಮಾಡ್ಯಾರಂತ ಹೇಳು. ಹೊಳ್ಳಿ ಹೋಗಾಕ ದಾರಿ ಇಲ್ಲ, ನಾಳಿ ಬಾ ಅಂದ್ರ ನಾಳಿ ಬರ್ತೀನಿ ಅನ್ನು. ಅವ್ರಿಗೆ ಬೇಕಾದ್ದು ಅದು.”

ಮಾಯಾ ಅಲ್ಲೇ ನಿಂತುಬಿಟ್ಟಳು. ಎರಡು ತಿಂಗಳಿಂದ ಮರ್ಯಾದೆ ಎಂದು ಹೊದ್ದುಕೊಂಡದ್ದೇ ತನ್ನ ಕುತ್ತಿಗೆಗೆ ಬಂದಿದೆ ಎನ್ನುವುದು ಅವಳಿಗೆ ಆ ಗದ್ದಲದ ನಡುವೆ, ರಾಯಬಾಗದ ಬಸ್ಸಿನ ಹೊಗೆಯಲ್ಲಿ ತಿಳಿಯಿತು. ಅವಳಿಗೆ ಸ್ನೇಹಲಳೂ ನೆನಪಾದಳು, ಇಲ್ಲವೆನ್ನುವ ಹಾಗಿಲ್ಲ. ಆ ಹುಡುಗಿಗೂ ಇದೇ ಪಾಠ ಹೇಳಿಕೊಟ್ಟಿದ್ದೇನೆ, ತಿದ್ದಬೇಕು ಎನ್ನಿಸಿತು. ಮೊಬೈಲ್ ತೆಗೆದು ಸ್ನೇಹಲಳ ಹೆಸರಿನ ತನಕ ಬೆರಳು ಹೋಯಿತು. ಆಮೇಲೆ, ಮೊದಲು ನನ್ನದೊಂದು ಆಗಲಿ ಎಂದುಕೊಂಡು ಮೊಬೈಲನ್ನು ಚೀಲದೊಳಗೆ ಹಾಕಿದಳು. ಅವಳು ಕೆಟ್ಟವಳಲ್ಲ. ಒಬ್ಬಂಟಿಯಾಗಿ ಬಹಳ ದಿನ ಇದ್ದವರಿಗೆ ತಮ್ಮ ಕಷ್ಟ ಬಿಟ್ಟು ಬೇರೆಯವರದು ಕಾಣುವುದು ತಡ, ಅಷ್ಟೇ.

ಮರುದಿನ ಮುಂಜಾನೆ ಮೇಲ್ ಬರೆಯಲು ಕೂತಳು. ಮೊದಲ ಸಲ ಬರೆದದ್ದು ಎರಡು ಪುಟವಾಯಿತು, ಅದರ ತುಂಬ ಹೊಸ ಮಾಲೀಕರನ್ನು ಬೈದದ್ದೇ ಇತ್ತು. ಅಳಿಸಿದಳು. ಎರಡನೆಯ ಸಲ ‘ಅನಿವಾರ್ಯ ಪರಿಸ್ಥಿತಿಗಳ ಕಾರಣದಿಂದ’ ಎಂದು ಶುರುವಾಯಿತು, ಓದಿದರೆ ಯಾರೋ ತೀರಿಕೊಂಡಂತೆ ಇತ್ತು. ಅದನ್ನೂ ಅಳಿಸಿದಳು. ಮೂರನೆಯ ಸಲ ಲ್ಯಾಬಿನ ರಿಪೋರ್ಟ್ ಬರೆದ ಹಾಗೆ ಬರೆದಳು, ಇದ್ದದ್ದು ಇದ್ದ ಹಾಗೆ. ಸಂದರ್ಶನಕ್ಕೆ ಕರೆದ ಮೇಲಿಗೇ ಉತ್ತರವಾಗಿ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

‘ಮಾನ್ಯರೇ, ಸೆಪ್ಟೆಂಬರ್ ಹನ್ನೆರಡರಂದು ಲ್ಯಾಬ್ ಕೆಮಿಸ್ಟ್ ಹುದ್ದೆಗೆ ನನ್ನನ್ನು ಸಂದರ್ಶಿಸಿದ್ದಕ್ಕೆ ಧನ್ಯವಾದ. ಅಂದು ನಾನು ಹೇಳಿದ ಒಂದು ಮಾತನ್ನು ತಿದ್ದಬೇಕಾಗಿದೆ. ಹಳೆಯ ಕೆಲಸವನ್ನು ಮನೆಯ ಕಾರಣಕ್ಕೆ ಬಿಟ್ಟೆ ಎಂದೆ. ಅದು ನಿಜವಲ್ಲ. ಜುಲೈ ಮೂವತ್ತೊಂದರಂದು ಕಂಪನಿಯು ಲ್ಯಾಬನ್ನು ಗುತ್ತಿಗೆಗೆ ವಹಿಸಿ ನಮ್ಮ ಏಳೂ ಹುದ್ದೆಗಳನ್ನು ರದ್ದು ಮಾಡಿ ನಮ್ಮನ್ನು ಕೆಲಸದಿಂದ ತೆಗೆಯಿತು. ಇದು ಯಾರೊಬ್ಬರ ಕೆಲಸ ಅಥವಾ ನಡತೆಯ ಕಾರಣಕ್ಕಲ್ಲ. ಬಿಡುಗಡೆ ಪತ್ರ ಮತ್ತು ಸೇವಾ ಪ್ರಮಾಣಪತ್ರ ಲಗತ್ತಿಸಿದ್ದೇನೆ. ನನಗೆ ನೋಟಿಸ್ ಅವಧಿ ಯಾವುದೂ ಬಾಕಿಯಿಲ್ಲ, ಹಳೆಯ ಕಾರ್ಖಾನೆಗೆ ಮರಳುವ ಪ್ರಶ್ನೆಯೂ ಇಲ್ಲ. ತಾವು ತಿಳಿಸಿದ ಮರುದಿನವೇ ಹಾಜರಾಗಬಲ್ಲೆ. ಸೀಜನ್ ಆರಂಭದ ಬಾಯ್ಲರ್ ಪೂಜೆಗೆ ಮುಂಚೆ ಲ್ಯಾಬ್ ಸಜ್ಜು ಮಾಡುವ ಕೆಲಸದಲ್ಲಿ ನೆರವಾಗಬಲ್ಲೆ. ಆಯ್ಕೆ ಯಾವ ಹಂತದಲ್ಲಿದೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.’

ಕಳಿಸುವ ಗುಂಡಿ ಒತ್ತಿದಳು. ತನ್ನನ್ನು ಕೆಲಸದಿಂದ ತೆಗೆದಿದ್ದಾರೆ ಎಂದು ಅವಳು ಕಾಕಾಸಾಹೇಬನ ಹೊರತು ಇನ್ನೊಬ್ಬರಿಗೆ ಹೇಳಿದ್ದು ಇದೇ ಮೊದಲು. ಹೇಳಿದ್ದು ಯಾರಿಗೆ? ಗುರುತಿಲ್ಲದ ಒಂದು ಆಫೀಸಿಗೆ. ಆದರೂ ಹಗುರಾಯಿತು. ಆ ದಿನ ಅವಳು ಹೊಟ್ಟೆ ತುಂಬ ಉಂಡಳು.

ಮಾರನೆಯ ದಿನ ಮಧ್ಯಾಹ್ನ ಎರಡಕ್ಕೆ ಫೋನ್ ಬಂತು.

“ಮ್ಯಾಡಮ್, ನಾ ರಾಜಾರಾಮ ಮಾತಾಡೂದು, ಕಾರ್ಖಾನಿಯಿಂದ. ನಿಮ್ಮ ಮೇಲ್ ನೋಡಿದ್ವಿ. ನಿಮ್ಮ ಹಳೇ ಕಾರ್ಖಾನಿಗೂ ಫೋನ್ ಹಚ್ಚಿ ಕೇಳಿದೆ. ಹೌದು, ಏಳೂ ಪೋಸ್ಟ್ ತಗದೇವಿ, ಮಾಯಾ ಮ್ಯಾಡಮ್ ಕೆಲಸದಾಗ ಛಲೋ ಇದ್ರು ಅಂದ್ರು. ಇದನ್ನ ಅವತ್ತಽ ಹೇಳಿದ್ರ ಮುಗದ ಹೋಗಿತ್ತಲ್ರಿ! ಜಿನ್ನಪ್ಪ ಸಾಹೇಬ್ರು ನಿಮ್ಮನ್ನಽ ತಗೋಬೇಕಂತಿದ್ರು, ಮನೀ ಕಾರಣ ಅಂದಿದ್ದಕ್ಕ ಅಂಜಿದ್ರು. ನಾಳಿ ಮುಂಜಾನೆ ಎಂಟಕ್ಕ ಬರ್ರಿ. ಒರಿಜಿನಲ್ ಕಾಗದಾ ಎಲ್ಲಾ ತರ್ರಿ, ನೇಮಕದ ಪತ್ರಾ ಕೊಟ್ಟು ಅಲ್ಲೇ ಜಾಯಿನ್ ಮಾಡ್ಕೋತೇವಿ.”

“ಬರ್ತೀನ್ರಿ,” ಎಂದಳು ಮಾಯಾ.

“ಇನ್ನೊಂದು ಕೇಳೂದಿತ್ತು,” ಎಂದ ರಾಜಾರಾಮ. “ಕೇಳಬಾರದು, ಆದ್ರೂ ಕೇಳ್ತೀನಿ. ನಿಮ್ಮ ಲ್ಯಾಬಿನವ್ರಽ ಒಬ್ಬರು, ಭೋಜದವ್ರು, ನಮ್ಮಲ್ಲಿ ಇಂಟರ್‌ವ್ಯೂ ಕೊಟ್ಟಾರ. ನಿಮಗಿಂತ ಒಂದು ದಿವಸ ಮೊದಲ. ಅವ್ರೂ ತಾವಽ ಬಿಟ್ಟೇನಿ ಅಂದಾರ. ನೀವು ನೋಡಿದ್ರ ಏಳೂ ಮಂದಿನ್ನ ತಗದ್ರು ಅಂತ ಬರದೀರಿ. ಅವ್ರು ಅದಕ್ಕಿಂತ ಮೊದಲ ಬಿಟ್ಟಿದ್ರೇನು? ಇಲ್ಲಾ ನಮ್ಮ ಮುಂದ ಸುಳ್ಳ ಹೇಳ್ಯಾರೇನು?”

ಇಷ್ಟು ದಿನ ಸ್ನೇಹಲಳ ಫೋನ್ ಯಾಕೆ ಬರಲಿಲ್ಲ ಎಂಬುದು ಆಗ ತಿಳಿಯಿತು. ಹುಡುಗಿಯೂ ಅದೇ ಹುದ್ದೆಗೆ ಅರ್ಜಿ ಹಾಕಿ, ಅಕ್ಕನಿಗೆ ಹೇಗೆ ಹೇಳಲಿ ಎಂದು ಮುಖ ಮುಚ್ಚಿಕೊಂಡಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಅಂಜಿ, ಎರಡು ಊರಿನಲ್ಲಿ ಒಂದೊಂದು ಮೊಬೈಲ್ ಹಿಡಿದು ಸುಮ್ಮನೆ ಕೂತಿದ್ದರು.

“ಅಕಿದು ತಪ್ಪಿಲ್ರಿ,” ಎಂದಳು ಮಾಯಾ. “ಹಂಗ ಹೇಳಂತ ನಾನಽ ಕಲಿಸಿದ್ದೆ. ನಾನೂ ನಿಮ್ಮ ಮುಂದ ಅದನ್ನಽ ಹೇಳಿದ್ನಲ್ರಿ. ಅಕಿ ಕೆಲಸದಾಗ ಭಾಳ ಚೊಕ್ಕ ಅದಾಳ. ಅಕಿನೂ ನಮ್ಮ ಕೂಡನಽ ತಗದದ್ದು.”

ಕೆಲಸ ಕೈಗೆ ಬಂದ ಮೇಲೆ ಬಂದ ಧೈರ್ಯ ಇದು, ದೊಡ್ಡದೇನಲ್ಲ. ಆದರೂ ಬಂತು.

“ಹಂಗಾದ್ರ ಅಕಿನೂ ನಿಮ್ಮಂಗ ಬರದು ಕಳಸಲಿ, ನೋಡೋಣಂತ,” ಎಂದ ರಾಜಾರಾಮ. “ಸೀಜನ್ ಚಾಲೂ ಆತಂದ್ರ ಇನ್ನೊಬ್ರು ಬೇಕಾಗಬಹುದು.”

“ಸರ್, ನಾ ಒಂದು ದಿವಸ ಬಿಟ್ಟು ಬರ್ಲೇನ್ರಿ? ನಾಳಿ ಭೋಜಕ್ಕ ಹೋಗಿ ಅಕಿನ್ನ ಕಂಡು…”

“ಅಲ್ರೀ ಮ್ಯಾಡಮ್,” ರಾಜಾರಾಮ ನಕ್ಕ. ಆ ನಗೆಯಲ್ಲಿ ಸ್ವಲ್ಪ ಬಿಗಿಯೂ ಇತ್ತು. “ತಿಳಿಸಿದ ಮರುದಿವಸ ಬರ್ತೀನಂತ ನೀವಽ ಬರದೀರಿ. ಅದನ್ನ ನೋಡೇ ಸಾಹೇಬ್ರು ಸಹಿ ಮಾಡ್ಯಾರ. ದಸರಾಕ್ಕ ಬಾಯ್ಲರ್ ಪೂಜಾ ಐತಿ, ಲ್ಯಾಬಿನ್ಯಾಗ ಒಂದು ಬಾಟ್ಲಿ ಸೈತ ಜಾಗಾಕ್ಕ ಇಲ್ಲ.”

“ಬರ್ತೀನ್ರಿ, ನಾಳಿನಽ ಬರ್ತೀನಿ,” ಎಂದಳು ಮಾಯಾ.

ಫೋನ್ ಇಟ್ಟ ಕೂಡಲೇ ಸ್ನೇಹಲಳಿಗೆ ಹಚ್ಚಿದಳು. ಎತ್ತಲಿಲ್ಲ. ಐದು ಸಲ ಹಚ್ಚಿದಳು. ಕೊನೆಗೆ ವಾಟ್ಸಾಪಿನಲ್ಲಿ ಬರೆದಳು: ‘ಸ್ನೇಹಲ, ನಾ ಅವತ್ತ ಗೇಟಿನ್ಯಾಗ ಹೇಳಿದ್ದು ತಪ್ಪ ಐತಿ. ನಾನೇ ಬಿಟ್ಟೆ ಅಂದ್ರ ಯಾರೂ ತಗೋಳುದಿಲ್ಲ, ಸೀಜನ್ ನಡುವ ಬಿಡ್ತಾಳಂತ ಅಂಜತಾರ. ನೀ ಕಾಗವಾಡ ಕಡೆ ಇಂಟರ್‌ವ್ಯೂ ಕೊಟ್ಟಿದ್ದು ತಿಳೀತು, ಅದಕ್ಕ ನನಗ ಸಿಟ್ಟಿಲ್ಲ. ಅವ್ರಿಗೆ ಇವತ್ತ ಒಂದು ಮೇಲ್ ಹಾಕು. ಖರೇ ಬರಿ. ನಾ ಬರದದ್ದು ಕೆಳಗ ಹಾಕೇನಿ, ಹಂಗಽ ಬರಿ. ನಾಳಿನಽ ಬರ್ತೀನಂತ ಬರಿ.’

ಅದರ ಕೆಳಗೆ ತನ್ನ ಮೇಲನ್ನು ಪೂರ್ತಿ ಅಂಟಿಸಿದಳು. ತನಗೆ ಕೆಲಸ ಸಿಕ್ಕಿತು ಎಂಬ ಒಂದು ಸಾಲು ಮಾತ್ರ ಬರೆಯಲಿಲ್ಲ. ಬರೆಯಬೇಕೆಂದು ಎರಡು ಸಲ ಶುರು ಮಾಡಿ ಅಳಿಸಿದಳು. ಹುಡುಗಿಗೆ ಈಗಲೇ ಹೇಳಿದರೆ ಆಸೆ ಬಿಟ್ಟು ಬರೆಯುವುದೇ ಇಲ್ಲ, ಅವಳ ಸಲುವಾಗಿಯೇ ಮುಚ್ಚಿಡುತ್ತಿದ್ದೇನೆ ಎಂದು ತನ್ನನ್ನು ತಾನು ನಂಬಿಸಿಕೊಂಡಳು. ಸಂಜೆ ಐದಕ್ಕೆ ಎರಡು ನೀಲಿ ಗೆರೆ ಮೂಡಿದವು. ಸ್ನೇಹಲ ಓದಿದ್ದಳು. ಉತ್ತರ ಬರಲಿಲ್ಲ.

ಮುಂಜಾನೆ ಮೊದಲ ಬಸ್ಸಿಗೆ ಹೊರಟಳು. ಅಂಕಲಿ ದಾಟಿ ಸೇತುವೆಯ ಮೇಲೆ ಬಸ್ ಬಂದಾಗ ಕೃಷ್ಣೆ ಎರಡೂ ದಂಡೆಗೆ ತುಂಬಿ ಕೆಂಪಗೆ ಹರಿಯುತ್ತಿದ್ದಳು. ಕೆಲಸಕ್ಕೆ ಹೋಗುವ ಜನ ಬಸ್ಸಿನಲ್ಲಿ ಡಬ್ಬಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವಳ ತೊಡೆಯ ಮೇಲೂ ಡಬ್ಬಿ ಇತ್ತು. ಎರಡು ತಿಂಗಳಿಂದ ಇದಕ್ಕಾಗಿಯೇ ಹಂಬಲಿಸಿದ್ದಳು. ಕೆಲಸ ಸಿಕ್ಕಿತು ಎಂದು ಫೋನ್ ಮಾಡಿ ಹೇಳಲು ಒಬ್ಬರು ಬೇಕು ಎನ್ನಿಸಿತು. ಮಾಳೇಶನಿಗೆ ಹೇಳಿದರೆ, ಮೊದಲು ಕೆಲಸ ಹೋದದ್ದನ್ನು ಹೇಳಬೇಕಾಗುತ್ತದೆ. ಇನ್ನುಳಿದವಳು ಸ್ನೇಹಲ ಒಬ್ಬಳೇ.

ರಾಜಾರಾಮ ಎಂಟಕ್ಕೆ ಐದು ನಿಮಿಷ ಇರುವಾಗಲೇ ಕುರ್ಚಿಯಲ್ಲಿ ಕೂತಿದ್ದ. “ಬರ್ರಿ ಬರ್ರಿ, ಕೂಡ್ರಿ,” ಎಂದು ಚಹಾ ತರಿಸಿದ. ಪದವಿ ಪತ್ರ, ಬಿಡುಗಡೆ ಪತ್ರ, ಸೇವಾ ಪ್ರಮಾಣಪತ್ರ, ಆಧಾರ್, ಪಿ.ಎಫ್. ನಂಬರು, ಒಂದೊಂದಾಗಿ ಮೂಲ ನೋಡಿ ಜೆರಾಕ್ಸಿನ ಮೇಲೆ ಶಿಕ್ಕಾ ಒತ್ತಿದ. ನೇಮಕದ ಪತ್ರ ಮುಂದಿಟ್ಟ. ಅದರ ಜೊತೆ ಹಾಜರಾತಿ ವರದಿ, ಒಂದೇ ಹಾಳೆ. ‘ಈ ದಿನ ಮುಂಜಾನೆ ಪಾಳಿಯಿಂದ ಕೆಲಸಕ್ಕೆ ಹಾಜರಾಗಿರುತ್ತೇನೆ’ ಎಂದು ಕೆಳಗೆ ಸಹಿ ಮಾಡಬೇಕು. ಮಾಯಾ ಪೆನ್ನು ತೆಗೆದಳು.

ಆಗ ಅವನ ಕಂಪ್ಯೂಟರ್ ಟಿಂಗ್ ಎಂದಿತು.

“ಹಾ, ಬಂತು ನೋಡ್ರಿ,” ಎಂದು ರಾಜಾರಾಮ ಕನ್ನಡಕ ಏರಿಸಿಕೊಂಡ. ಓದುತ್ತ ಓದುತ್ತ ನಗತೊಡಗಿದ. “ಅಲ್ರೀ, ಇದು ನಿಮ್ಮದಽ ಮೇಲ್ ಆತಲ್ಲ! ಸೆಪ್ಟೆಂಬರ್ ಹನ್ನೊಂದು ಅಂತ ಬದ್ಲಿ ಮಾಡ್ಯಾಳ ಅಷ್ಟ. ‘ತಿಳಿಸಿದ ಮರುದಿನವೇ’ ಅನ್ನೂದನ್ನ ತಗದು ‘ಇವತ್ತೇ ಬರಬಲ್ಲೆ’ ಅಂತ ಹಾಕ್ಯಾಳ.”

ಮಾಯಾಳ ಪೆನ್ನು ಹಾಳೆಯ ಮೇಲೆ ಇತ್ತು, ಸಹಿ ಇನ್ನೂ ಆಗಿರಲಿಲ್ಲ. ಇವತ್ತೇ ಬರಬಲ್ಲೆ. ಭೋಜದ ಮನೆಯ ಅಟ್ಟದ ಕೋಣೆಯಲ್ಲಿ ಸಮವಸ್ತ್ರದ ಬಿಳಿ ಕೋಟು ಇಸ್ತ್ರಿ ಮಾಡಿಟ್ಟು ಕೂತಿದ್ದಾಳೇನೋ. ಕೆಳಗೆ ಅಪ್ಪ ಸಾಂಗಲಿಗೆ ಫೋನ್ ಮಾಡುತ್ತಿದ್ದಾನೇನೋ.

“ಹುಡುಗಿ ಶ್ಯಾಣೆ ಅದಾಳ್ರಿ,” ಎಂದಳು ಮಾಯಾ. “ನೀವು ನಿನ್ನೆ, ನೋಡೋಣ ಅಂದಿದ್ರಿ.”

“ನೋಡಿದ್ನಲ್ರಿ ಈಗ,” ಎಂದ ರಾಜಾರಾಮ. ಅವನೂ ಕೆಟ್ಟವನಲ್ಲ, ಅವನ ಮೇಜಿನ ಮೇಲೆ ಅಂಥ ಮೇಲ್‌ಗಳು ದಿನಕ್ಕೆ ಹತ್ತು ಬರುತ್ತವೆ. “ಪೋಸ್ಟ್ ಒಂದಽ ಐತಿ ಮ್ಯಾಡಮ್. ಇನ್ನೊಬ್ರು ಬೇಕಾದ್ರ ಮ್ಯಾಲಿನವ್ರು ಮಂಜೂರ ಮಾಡಬೇಕು. ಮಾಡೋದಿಲ್ಲ, ನನಗ ಗೊತ್ತೈತಿ. ಸುಮ್ನ ಯಾಕ ಕಾಯಿಸಬೇಕು ಪಾಪ.” ಎರಡು ಬೆರಳಿನಿಂದ ಟಪಟಪ ಒತ್ತಿದ. ಹುದ್ದೆ ಭರ್ತಿಯಾಗಿದೆ, ತಮ್ಮ ಆಸಕ್ತಿಗೆ ಧನ್ಯವಾದ. ಒಂದು ನಿಮಿಷವೂ ಹಿಡಿಯಲಿಲ್ಲ. ಕಳಿಸಿ, ಅವಳ ಕಡೆ ತಿರುಗಿ, “ಸಹಿ ಮಾಡ್ರಿ,” ಎಂದ.

ಹುದ್ದೆ ಇನ್ನೂ ಭರ್ತಿಯಾಗಿರಲಿಲ್ಲ. ಮಾಯಾಳ ಪೆನ್ನಿನ ತುದಿಯಲ್ಲಿ ಖಾಲಿಯೇ ಇತ್ತು. ಎದ್ದು ಹೋಗಬಹುದಿತ್ತು, ಅವಳನ್ನು ಕರೆಯಿರಿ ಎನ್ನಬಹುದಿತ್ತು. ಕಥೆಗಳಲ್ಲಿ ಹಾಗೆ ಮಾಡುವವರು ಇರುತ್ತಾರೆ. ಬಾಡಿಗೆ ಕೋಣೆಯ ಬೆಳಗಿನ ಮೂರು ಗಂಟೆಯನ್ನು ಎರಡು ತಿಂಗಳು ಒಬ್ಬಳೇ ಕಳೆದವಳು ಹಾಗೆ ಮಾಡಲಿಲ್ಲ. ಸಹಿ ಮಾಡಿದಳು. ಕೆಳಗೆ ತಾರೀಖು ಹಾಕಿದಳು, ವೇಳೆ ಎಂಟು ಗಂಟೆ ಹನ್ನೆರಡು ನಿಮಿಷ ಎಂದು ಬರೆದಳು. ಲ್ಯಾಬಿನವರಿಗೆ ವೇಳೆ ಬರೆಯುವ ಚಟ.

ಲ್ಯಾಬ್ ಧೂಳು ಹಿಡಿದಿತ್ತು. ಸೀಜನ್ ಮುಗಿದಾಗಿನಿಂದ ಯಾರೂ ಮುಟ್ಟಿರಲಿಲ್ಲ. ಜಿನ್ನಪ್ಪ ಬಂದು, “ಖರೇ ಹೇಳಿದ್ದು ಛಲೋ ಆತು ನೋಡ್ರಿ ಮಾಯಾಬಾಯಿ,” ಎಂದು ಹರಸಿ, ಹೊಲದಿಂದ ಬಂದ ಕಬ್ಬಿನ ಸ್ಯಾಂಪಲ್ ನೋಡಲು ಹೇಳಿ ಹೋದರು. ಯಾವ ಹೊಲದ ಕಬ್ಬು ಎಷ್ಟು ಪಕ್ವವಾಗಿದೆ ಎಂದು ಈಗಿನಿಂದ ಅಳೆದಿಟ್ಟರೆ ಮುಂದೆ ಕಟಾವಿನ ಸರದಿ ಹಚ್ಚಲು ಅನುಕೂಲ. ಮಾಯಾ ಗಾಜಿನ ಸಾಮಾನು ತೊಳೆದಳು, ರಸದ ಸಿಹಿ ಅಳೆಯುವ ರಿಫ್ರ್ಯಾಕ್ಟೋಮೀಟರಿನ ಗಾಜು ಒರೆಸಿ, ಶುದ್ಧ ನೀರಿನ ಹನಿ ಹಾಕಿ ಸೊನ್ನೆಗೆ ತಂದಳು. ಮೂರು ಮೇಜು, ಆರು ಸ್ಟೂಲು, ಅವಳೊಬ್ಬಳೇ. ಮಾತಾಡಿದರೆ ಗೋಡೆಯಿಂದ ಮಾತು ಮರಳಿ ಬರುವಷ್ಟು ಖಾಲಿ.

ಹತ್ತೂವರೆಗೆ ಮೊಬೈಲ್ ಸದ್ದು ಮಾಡಿತು.

‘ಮಾಯಕ್ಕ, ನೀವು ಹೇಳಿದಂಗ ಬರದೆ. ಉತ್ತರ ಬಂತು. ಜಾಗಾ ತುಂಬೇತಂತ. ಇರ್ಲಿ. ಆದ್ರ ಖರೇ ಬರದ ಮ್ಯಾಲ ಮನಸ ಹಗರ ಆತು. ಅಪ್ಪಗೂ ಹೇಳಿಬಿಟ್ಟೆ, ನಾ ಬಿಟ್ಟಿಲ್ಲ, ನನ್ನ ತಗದಾರಂತ. ಮಾತಾಡವಲ್ರು ಅವ್ರು. ನಿಮ್ಮದು ಏನಾತು ಅಕ್ಕ? ನಿಮಗೂ ಹಿಂಗಽ ಬರದ್ರೇನು?’

ಮಾಯಾ ಅದನ್ನು ನಿಂತೇ ಓದಿದಳು. ತನಗೂ ಹಾಗೇ ಬರೆದರು ಎಂದುಬಿಟ್ಟರೆ ಹುಡುಗಿ ಸಂಜೆ ಫೋನ್ ಮಾಡುತ್ತಾಳೆ. ಉಂಡಿರೇನು ಎಂದು ಕೇಳುತ್ತಾಳೆ. ನಾಳೆಯೂ ಮಾಡುತ್ತಾಳೆ. ಇಬ್ಬರೂ ಕೂಡಿ ಕಾರ್ಖಾನೆಯವರನ್ನು ಬೈಯಬಹುದು. ಈ ಆಸೆ ಎಷ್ಟು ಜೋರಾಗಿತ್ತೆಂದರೆ ‘ಹೂಂ’ ಎಂದು ಬೆರಳು ಒತ್ತಿಯೂ ಆಗಿತ್ತು, ಕಳಿಸುವುದೊಂದೇ ಬಾಕಿ. ಗುರುತಿಲ್ಲದ ಆಫೀಸಿಗೆ ನಿಜ ಬರೆಯುವುದಕ್ಕಿಂತ, ತನ್ನನ್ನು ಅಕ್ಕ ಎನ್ನುವವಳಿಗೆ ಬರೆಯುವುದು ಕಷ್ಟ. ಅಳಿಸಿದಳು.

‘ಆ ಜಾಗಾ ತುಂಬಿದ್ದು ನಾನಽ. ನಿನ್ನೆನಽ ಗೊತ್ತಾಗಿತ್ತು, ನಿನಗ ಹೇಳಲಿಲ್ಲ. ಇವತ್ತ ಮುಂಜಾನೆ ಜಾಯಿನ್ ಆದೆ. ನಿನ್ನ ಮೇಲ್ ಬಂದಾಗ ಅವ್ರ ಮುಂದಽ ಕುಂತಿದ್ದೆ. ಸಹಿ ಇನ್ನೂ ಮಾಡಿರಲಿಲ್ಲ. ಆಮ್ಯಾಲ ಮಾಡಿದೆ.’

ಕಳಿಸಿದಳು. ಗೆರೆ ಎರಡಾದವು, ನೀಲಿಯಾದವು. ಸ್ನೇಹಲ ಏನೋ ಬರೆಯುತ್ತಿದ್ದಾಳೆ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಮಾಯಾ ಮೇಜಿನ ಅಂಚು ಹಿಡಿದು ನೋಡುತ್ತಲೇ ಇದ್ದಳು. ಬೈಯಲಿ, ಎಷ್ಟು ಬೇಕಾದರೂ ಬೈಯಲಿ ಎಂದುಕೊಂಡಳು.

‘ನನಗ ಒಂದು ಮಾತು ಹೇಳದಽ ಭಾಳ ಲಗೂನ ಹೋದ್ರಿ ಅಕ್ಕ,’ ಎಂದು ಬಂತು.

ಅಷ್ಟೇ. ಮುಂದೆ ಏನೂ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಲ್ಯಾಬಿನ ಹಳೇ ಗುಂಪಿನಿಂದ ಸ್ನೇಹಲ ಹೊರಗೆ ಹೋದಳೆಂದು ಮೊಬೈಲ್ ತಿಳಿಸಿತು. ಮಾಯಾ ತೆರೆದು ನೋಡಿದಳು. ಏಳು ಜನರ ಗುಂಪಿನಲ್ಲಿ ಈಗ ಅವಳೊಬ್ಬಳೇ ಇದ್ದಳು. ಹೊರಗಿನಿಂದ ಫೀಲ್ಡಿನವನೊಬ್ಬ ಐದು ಕಬ್ಬಿನ ಗಳ ತಂದು ಬಾಗಿಲಿಗೆ ಆನಿಸಿ, ರೈತನ ಹೆಸರಿನ ಚೀಟಿ ಕೊಟ್ಟು ಹೋದ. ಹಿಂಡಿ, ಸೋಸಿ, ಒಂದು ಹನಿ ಗಾಜಿನ ಮೇಲೆ ಹಾಕಿ, ಕಣ್ಣು ಒರೆಸಿಕೊಂಡು ಅವಳು ಒಳಗೆ ನೋಡಿದಳು. ಹದಿನಾರೂವರೆ. ಇನ್ನೂ ಪಕ್ವವಾಗಿಲ್ಲ ಎಂದು ವಹಿಯಲ್ಲಿ ಬರೆದುಕೊಂಡಳು.